ಬೆಳೆ ಸಾಲದ ಗಡುವು ಮುಂದಕ್ಕೆ ಹಾಕಲು ಮನವಿ

ದಿನಾಂಕ: 12-12-2023

ಬ್ಯಾಂಕ್ ಮ್ಯಾನೇಜರ್ ಅವರಿಗೆ,
ಬಾಣಾವರ, ಅರಸೀಕೆರೆ ತಾಲ್ಲೂಕು

ಸ್ವಾಮಿ,

ರಾಗಿಗೆಂದು ಕಿಸಾನ್ ಕ್ರೆಡಿಟ್ ಕಾರ್ಡ್‌ನಲ್ಲಿ 60,000 ರೂಪಾಯಿ ಸಾಲ ತೆಗೆದಿದ್ದೆ. ಮೂರು ಎಕರೆಗೆ ಬಿತ್ತಿದೆ. ಪೈರು ಗೇಣುದ್ದ ಬಂದಾಗ ಮಳೆ ಕೈಕೊಟ್ಟಿತು. ತೆನೆ ಹಿಸುಕಿದರೆ ಕೈಗೆ ಬರೋದು ಬರೀ ಹೊಟ್ಟು. ಕೊನೆಗೆ ದನಗಳಿಗೆ ಕೊಯ್ದು ಹಾಕಿದೆ, ಅದೂ ಎರಡೇ ಗಾಡಿ. ಕೊಳವೆಬಾವಿ ಇಲ್ಲ, ಎಲ್ಲಾ ಮಳೆ ನಂಬಿದ ಹೊಲ.

ಹಿಂದಿನ ಸಾಲಗಳನ್ನು ಗಡುವಿನೊಳಗೇ ಕಟ್ಟಿದ್ದೇನೆ, ಪಾಸ್‌ಬುಕ್ ನೋಡಿದರೆ ತಿಳಿಯುತ್ತದೆ. ಈಗ ಕಟ್ಟಬೇಕೆಂದರೆ ಹಸು ಮಾರಬೇಕು. ಹಾಲಿನ ದುಡ್ಡಲ್ಲೇ ಅಲ್ವಾ ಮನೆ ನಡೆಯೋದು? ಸಾಲ ಮನ್ನಾ ಕೇಳುತ್ತಿಲ್ಲ. ಮುಂದಿನ ಬೆಳೆ ಕೈಗೆ ಬರುವವರೆಗೆ, ಒಂದು ವರ್ಷ ಅವಧಿ ಕೊಡಿ. ಸುಸ್ತಿ ಬಡ್ಡಿ ಹಾಕಬೇಡಿ.

ಪಹಣಿ, ಹೊಲದ ಫೋಟೊ, ಗ್ರಾಮ ಲೆಕ್ಕಿಗರು ಕೊಟ್ಟ ಬೆಳೆ ನಷ್ಟದ ಪತ್ರ ಲಗತ್ತಿಸಿದ್ದೇನೆ. ಹೊಲ ನೋಡಲು ಬಂದರೆ ನಾನೇ ಜೊತೆಗಿರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ರಂಗಪ್ಪ