9ನೇ ತರಗತಿ ಜೀವಶಾಸ್ತ್ರ ಪ್ರಾಜೆಕ್ಟ್: ನಮ್ಮೂರಿನ ಗಿಡ, ನಮ್ಮ ಮನೆಯ ಮದ್ದು

ಮಕ್ಕಳೇ,

ಕಳೆದ ವರ್ಷ ನನ್ನ ಮೇಜಿಗೆ ಬಂದ 34 ಪ್ರಾಜೆಕ್ಟ್‌ಗಳಲ್ಲಿ 19 ತುಳಸಿಯ ಮೇಲೆಯೇ ಇದ್ದವು. ಹನ್ನೊಂದರಲ್ಲಿ ಒಂದೇ ಫೋಟೊ, ಅದೂ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದು. ಆದರೆ ತುಳಸಿಯ ಕಾಂಡ ಚೌಕವಾಗಿದೆ ಎಂದು ಒಬ್ಬರೂ ಬರೆದಿರಲಿಲ್ಲ. ಕಟ್ಟೆಯ ಹತ್ತಿರ ಹೋಗಿ ಎಳೆ ಟೊಂಗೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ್ದರೆ ಸಾಕಿತ್ತು.

ಈ ಸಲ ಮದ್ದಿಗಿಂತ ಮೊದಲು ಗಿಡ. ಇದು ಯಾವ ಗಿಡ, ಹೇಗೆ ಗುರುತಿಸಿದಿರಿ, ಎಲ್ಲಿ ನೋಡಿದಿರಿ, ಮನೆಯಲ್ಲಿ ಅದಕ್ಕೆ ಏನು ಹೆಸರು ಎನ್ನುವುದನ್ನು ಬರೆದ ಮೇಲೆ ಯಾವುದಕ್ಕೆ ಬಳಸುತ್ತಾರೆ ಎಂದು ಬರೆಯಿರಿ. ಒಂದು ಗುಂಪಿಗೆ ಮೂವರು. ಕೆಳಗಿನ ವಿಷಯಗಳಲ್ಲಿ ಒಂದನ್ನು ಆರಿಸಿಕೊಳ್ಳಿ.

1. ಪಾಲೆಯೋ ಕಾಸರಕವೋ?

ನನಗೆ ಇದೇ ಜಾಸ್ತಿ ಇಷ್ಟದ ವಿಷಯ. ಆಟಿ ಅಮಾವಾಸ್ಯೆಯ ಬೆಳಗ್ಗೆ ನಿಮ್ಮಲ್ಲಿ ತುಂಬಾ ಜನ ಪಾಲೆಯ ಕಷಾಯ ಕುಡಿದು, ಮುಖ ಹಿಂಡಿ, ಮೇಲೆ ಮೆಂತೆ ಗಂಜಿ ಉಂಡವರೇ ಅಲ್ವಾ? ಸೂರ್ಯ ಹುಟ್ಟುವ ಮೊದಲು ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಲ್ಲಿ ಜಜ್ಜಿ ತೊಗಟೆ ತರುತ್ತಾರೆ. ಬೆಳ್ಳುಳ್ಳಿ, ಕಾಳುಮೆಣಸು, ಓಮ ಹಾಕಿ ಅರೆದು, ಕಾಯಿಸಿದ ಬೊಳ್ಗಲ್ಲನ್ನು ಅದರೊಳಗೆ ಚುಯ್ ಎನ್ನಿಸುತ್ತಾರೆ.

ಕತ್ತಲಲ್ಲಿ ಎಲೆ ಕಾಣುವುದಿಲ್ಲ. ಕೈಗೆ ಸಿಗುವುದು ತೊಗಟೆ ಮಾತ್ರ. ಪಾಲೆ ಎಂದುಕೊಂಡು ಕಾಸರಕದ ತೊಗಟೆ ತಂದು ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ. ಕಾಸರಕ ಎಂದರೆ ತುಳುವಿನ ಕಾಯೆರ್. ಅದರಲ್ಲಿರುವ ಸ್ಟ್ರಿಕ್ನಿನ್ ಎಂಬ ವಿಷ ನರಗಳ ಮೇಲೆ ಕೆಲಸ ಮಾಡಿ ಮೈಯ ಸ್ನಾಯುಗಳನ್ನೆಲ್ಲ ಸೆಟೆಯುವಂತೆ ಮಾಡುತ್ತದೆ.

ನಿಮ್ಮ ಕೆಲಸ ಏನೆಂದರೆ, ಹಗಲಲ್ಲಿ, ಗೊತ್ತಿರುವ ಹಿರಿಯರ ಜೊತೆ ಹೋಗಿ ಎರಡೂ ಮರಗಳನ್ನು ನೋಡಿ ಹೋಲಿಕೆಯ ಪಟ್ಟಿ ಮಾಡುವುದು. ಪಾಲೆಯಲ್ಲಿ ಎಲೆಗಳು ಒಂದೇ ಗಂಟಿನಿಂದ ಸುತ್ತಲೂ ಛತ್ರಿಯಂತೆ ಹರಡಿರುತ್ತವೆ. ಒಂದು ಸುತ್ತಿನಲ್ಲಿ ಎಷ್ಟಿವೆ ಎಂದು ಹತ್ತು ಕಡೆ ಎಣಿಸಿ ಸರಾಸರಿ ತೆಗೆಯಿರಿ. ಎಲೆ ಮುರಿದರೆ ಬಿಳಿ ಹಾಲು ಬರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಎರಡೆರಡೇ ಇರುತ್ತವೆ, ಬುಡದಿಂದಲೇ ಮೂರರಿಂದ ಐದು ದಪ್ಪ ನರಗಳು ಹೊರಡುತ್ತವೆ, ಹಾಲು ಇಲ್ಲ. ಎರಡನ್ನೂ ಪೆನ್ಸಿಲಿನಲ್ಲಿ ಬಿಡಿಸಿ. ಯಾವುದನ್ನೂ ನಾಲಿಗೆಗೆ ತಾಗಿಸಬೇಡಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಪಾಲೆಯ ವೈಜ್ಞಾನಿಕ ಹೆಸರು ಆಲ್ಸ್ಟೋನಿಯ ಸ್ಕೋಲಾರಿಸ್. ಈ ‘ಸ್ಕೋಲಾರಿಸ್’ ಶಾಲೆಯಿಂದ ಬಂದದ್ದು. ಹಿಂದೆ ಮಕ್ಕಳು ಬರೆಯುವ ಹಲಗೆಗೆ ಇದರ ಮರ ಬಳಸುತ್ತಿದ್ದರು.

2. ಒಂದು ಗಿಡ, ಐದು ಭಾಷೆ

ನಮ್ಮ ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಹವ್ಯಕ, ಮಲಯಾಳಂ ಮಾತಾಡುವವರು ಇದ್ದೀರಿ. ಹದಿನೈದು ಗಿಡ ಆರಿಸಿ, ಎಲ್ಲರ ಮನೆಯಲ್ಲಿ ಕೇಳಿ ಹೆಸರು ಸೇರಿಸಿ. ಶುರುವಿಗೆ ಒಂದೆಲಗ ತೆಗೆದುಕೊಳ್ಳಿ. ತುಳುವಿನಲ್ಲಿ ತಿಮರೆ. ಕೆಲವರು ಬ್ರಾಹ್ಮಿ ಎನ್ನುತ್ತಾರೆ, ಆದರೆ ನೀರಿನ ಬದಿಯಲ್ಲಿ ಬೆಳೆಯುವ, ಸಣ್ಣ ದಪ್ಪ ಎಲೆಯ ಇನ್ನೊಂದು ಗಿಡಕ್ಕೂ ಬ್ರಾಹ್ಮಿ ಎಂದೇ ಹೆಸರು. ಎರಡಕ್ಕೂ ಸಂಬಂಧವೇ ಇಲ್ಲ. ವೈಜ್ಞಾನಿಕ ಹೆಸರು ಯಾಕೆ ಬೇಕು ಎಂದು ಪಾಠದಲ್ಲಿ ನಾನು ಎಷ್ಟು ಹೇಳಿದರೂ ಆಕಳಿಸುತ್ತೀರಿ. ಇಲ್ಲಿ ತಾನಾಗಿ ಗೊತ್ತಾಗುತ್ತದೆ.

ಕೊಂಕಣಿ ಮನೆಯವರಿಗೆ ಒಂದು ವಿಷಯ. 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾದ ‘ಹೋರ್ಟುಸ್ ಮಲಬಾರಿಕುಸ್’ಗೆ ಗಿಡಗಳ ಮಾಹಿತಿ ಕೊಟ್ಟವರಲ್ಲಿ ಕೇರಳದ ಇಟ್ಟಿ ಅಚ್ಯುತನ್ ವೈದ್ಯರ ಜೊತೆಗೆ ರಂಗ ಭಟ್, ಅಪ್ಪು ಭಟ್, ವಿನಾಯಕ ಪಂಡಿತ್ ಎಂಬ ಮೂವರು ಕೊಂಕಣಿ ವೈದ್ಯರೂ ಇದ್ದರು.

3. ನಾಗಬನದ ಒಳಗೆ, ಹೊರಗೆ

ಬನದ ಮನೆಯವರ ಒಪ್ಪಿಗೆ ಪಡೆದೇ ಹೋಗಿ. ಒಳಗೆ ಬಿಡುವುದಿಲ್ಲ ಎಂದರೆ ಅಂಚಿನಲ್ಲೇ ಮಾಡಿ, ವಾದ ಬೇಡ. ನಾಲ್ಕು ಗೂಟ, ಹುರಿಹಗ್ಗ ತೆಗೆದುಕೊಂಡು 1 ಮೀಟರ್ ಉದ್ದ, 1 ಮೀಟರ್ ಅಗಲದ ಚೌಕ ಹಾಕಿ. ಅದರೊಳಗೆ ಎಷ್ಟು ಬಗೆಯ ಗಿಡ, ಪ್ರತಿ ಬಗೆಯದ್ದು ಎಷ್ಟು ಎಂದು ಎಣಿಸಿ. ಹೆಸರು ಗೊತ್ತಾಗದಿದ್ದರೆ ‘ಅ’, ‘ಆ’ ಎಂದು ಗುರುತು ಕೊಟ್ಟು ಎಲೆ ಬಿಡಿಸಿಕೊಳ್ಳಿ. ಬನದಲ್ಲಿ ಐದು ಚೌಕ, ಪಕ್ಕದ ರಬ್ಬರ್ ತೋಟದಲ್ಲಿ ಐದು. ಎರಡರ ಲೆಕ್ಕವನ್ನೂ ಸ್ತಂಭ ನಕ್ಷೆಯಲ್ಲಿ ತೋರಿಸಿ. ಬೂಟು ಹಾಕಿಕೊಂಡು ಹೋಗಿ. ಉಂಬುಳ ಹತ್ತಿದರೆ ಉಪ್ಪು ಇರಲಿ.

4. ಪುನರ್ಪುಳಿಯ ಬಣ್ಣ

ಶರಬತ್ತು ಮಾಡುವ ಒಣ ಸಿಪ್ಪೆಯನ್ನು ನೀರಲ್ಲಿ ನೆನೆಹಾಕಿ ಸೋಸಿ. ಮೂರು ಲೋಟಕ್ಕೆ ಹಾಕಿ ಒಂದಕ್ಕೆ ನಿಂಬೆರಸ, ಒಂದಕ್ಕೆ ಅಡುಗೆ ಸೋಡಾ ಸೇರಿಸಿ, ಮೂರನೆಯದನ್ನು ಹಾಗೇ ಬಿಡಿ. ಬಣ್ಣ ಏನಾಯಿತು ಎಂದು ನಾನು ಹೇಳುವುದಿಲ್ಲ. ಸಿಪ್ಪೆಯಲ್ಲಿರುವುದು ಆಂಥೋಸಯನಿನ್ ಎಂಬ ವರ್ಣಕ, ಉಳಿದದ್ದು ಆಮ್ಲ ಮತ್ತು ಪ್ರತ್ಯಾಮ್ಲದ ಪಾಠದಲ್ಲಿದೆ. ಪಿತ್ತಕ್ಕೆ, ಸೆಖೆಗೆ ಮನೆಯಲ್ಲಿ ಹೇಗೆ ಬಳಸುತ್ತಾರೆ ಎಂದು ಅಜ್ಜಿಯನ್ನು ಕೇಳಿ ಒಂದು ಪುಟ ಬರೆಯಿರಿ.

5. ಹೊರಗಿನಿಂದ ಬಂದು ನಮ್ಮದಾದವು

ಭೇದಿಗೆ ಪೇರಳೆಯ ಕುಡಿ, ಗಾಯಕ್ಕೆ ನಾಚಿಕೆಮುಳ್ಳಿನ ಎಲೆ. ಎರಡೂ ಅಮೆರಿಕ ಖಂಡದ ಗಿಡಗಳು. ಅಂದ ಮೇಲೆ ‘ಸಾವಿರಾರು ವರ್ಷಗಳ ಮನೆಮದ್ದು’ ಎಂದು ಸುಮ್ನೆ ಬರೆದರೆ ನಾನು ಕೆಂಪು ಗೆರೆ ಎಳೆಯುತ್ತೇನೆ. ಅಡುಗೆಮನೆ ಮತ್ತು ಹಿತ್ತಲಿನ ಹತ್ತು ಮದ್ದಿನ ಗಿಡಗಳ ಮೂಲ ಹುಡುಕಿ, ಭೂಪಟದಲ್ಲಿ ಗುರುತಿಸಿ.

6. ತಜಂಕ್ ಮಲಗುವ ಹೊತ್ತು

ಮಳೆ ಬಿದ್ದ ಕೂಡಲೇ ರಸ್ತೆ ಬದಿಯಲ್ಲಿ ಏಳುವ, ಆಟಿಯಲ್ಲಿ ಪಲ್ಯಕ್ಕೆ, ಅಂಬಡೆಗೆ ಹೋಗುವ ತಜಂಕ್ ಸಂಜೆ ಎಲೆ ಮಡಚುತ್ತದೆ. 5 ಗಂಟೆಯಿಂದ 7ರವರೆಗೆ ಹದಿನೈದು ನಿಮಿಷಕ್ಕೊಮ್ಮೆ ನೋಡಿ ಬರೆಯಿರಿ. ಒಂದು ಗಿಡಕ್ಕೆ ಮಧ್ಯಾಹ್ನವೇ ಬುಟ್ಟಿ ಮುಚ್ಚಿಟ್ಟು ನೋಡಿ.

7. ಆಡುಸೋಗೆಯಿಂದ ಕೆಮ್ಮಿನ ಸಿರಪ್‌ಗೆ

ಆಡುಸೋಗೆಯ ವಾಸಿಸಿನ್ ಎಂಬ ಅಂಶವನ್ನು ಆಧಾರ ಮಾಡಿಕೊಂಡೇ ಬ್ರೋಮ್‌ಹೆಕ್ಸಿನ್ ಎಂಬ ಕಫದ ಔಷಧಿ ತಯಾರಾಯಿತು. ಮೆಡಿಕಲ್ ಅಂಗಡಿಯಲ್ಲಿ ಖಾಲಿ ಸಿರಪ್ ಪೆಟ್ಟಿಗೆಗಳನ್ನು ಕೇಳಿ ತಂದು, ಯಾವುದರಲ್ಲಿ ಈ ಹೆಸರಿದೆ ನೋಡಿ.

ಇನ್ನು ಕೆಲವು ಮಾತು. ಮಳೆಗಾಲದಲ್ಲಿ ಹರ್ಬೇರಿಯಂ ಮಾಡಲು ಹೋದರೆ ಮೂರನೇ ದಿನಕ್ಕೆ ಬೂಸ್ಟು. ಪೇಪರ್ ದಿನಾ ಬದಲಿಸಬೇಕು, ಒಲೆಯ ಮೇಲಿನ ಅಟ್ಟ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಚಿತ್ರ ಬಿಡಿಸಿ, ಅದಕ್ಕೂ ಅಷ್ಟೇ ಅಂಕ. ಗಿಡವನ್ನು ಬುಡಸಮೇತ ಕೀಳಬೇಡಿ. ನಾಟಿ ಮದ್ದು ಕೊಡುವವರ ಹತ್ತಿರ ಹೋದಾಗ ನಮಸ್ಕಾರ ಹೇಳಿ ಕೂತು ಕೇಳಿ, ಮೊಬೈಲ್ ಎತ್ತಿ ಹಿಡಿಯಬೇಡಿ. ಅವರು ಹೇಳಲು ಇಷ್ಟಪಡದ್ದನ್ನು ಕೆದಕಬೇಡಿ, ಹೆಸರು ಬರೆಯಬಹುದೇ ಎಂದು ಕೇಳಿಯೇ ಬರೆಯಿರಿ. ‘ಇದರಿಂದ ಕಾಮಾಲೆ ಗುಣವಾಗುತ್ತದೆ’ ಎಂದು ಬರೆಯುವ ಬದಲು ‘ಕಾಮಾಲೆಗೆ ಕೊಡುತ್ತಾರೆ’ ಎಂದು ಬರೆಯಿರಿ. ಎರಡಕ್ಕೂ ವ್ಯತ್ಯಾಸವಿದೆ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿ ಮಟ್ಟದಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಪಂಚಾಯಿತಿಗೆ ಹೋಗಿ ನೋಡಲು ಕೇಳಿ. ನಿಮ್ಮ ಪಟ್ಟಿಯಲ್ಲಿರುವ ಗಿಡ ಅದರಲ್ಲಿ ಇಲ್ಲದಿದ್ದರೆ ನನಗೆ ಹೇಳಿ, ಜೊತೆಗೆ ಹೋಗೋಣ.

ಶುಕ್ರವಾರ ಕೊನೆಯ ಪಿರಿಯಡ್‌ನಲ್ಲಿ ಗುಂಪಿನ ಹೆಸರು, ವಿಷಯ ಬರೆದ ಚೀಟಿ ಕೊಡಿ. ಒಪ್ಪಿಸಬೇಕಾದದ್ದು ಡಿಸೆಂಬರ್ 5ಕ್ಕೆ, ಕೈಬರಹದಲ್ಲಿ, 12 ಪುಟ ಮೀರದಂತೆ. ತುಳಸಿ ಬೇಕೇ ಬೇಕು ಎನ್ನುವವರು ತುಳಸಿ ಮತ್ತು ದೊಡ್ಡಪತ್ರೆಯ ಕಾಂಡವನ್ನು ಅಡ್ಡ ಕತ್ತರಿಸಿ, ಎರಡರ ಚಿತ್ರವನ್ನೂ ಬರೆದುಕೊಂಡು ಬನ್ನಿ. ಆಮೇಲೆ ಮಾತಾಡೋಣ.