ಪಕ್ಕದ ಸೈಟಿನ ರಾತ್ರಿ ಗಲಾಟೆ: ಮನೆ ಓನರ್‌ಗೆ ದೂರು ಪತ್ರ

ನಮಸ್ಕಾರ ಸರ್,

ನಾನು ನಿಮ್ಮ ವಿಜಯನಗರದ ಮನೆಯ ಎರಡನೇ ಮಹಡಿಯಿಂದ ಸುಧಾ. ಪಕ್ಕದ ಸೈಟಿನ ಗಲಾಟೆ ಬಗ್ಗೆ ಹೋದ ತಿಂಗಳೇ ಫೋನಿನಲ್ಲಿ ಹೇಳಿದ್ದೆ. ನಿಂತಿಲ್ಲ ಸರ್, ಇನ್ನೂ ಜಾಸ್ತಿ ಆಗಿದೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ನಿನ್ನೆ ರಾತ್ರಿ ಹನ್ನೊಂದೂವರೆಗೆ ಜಲ್ಲಿ ಲಾರಿ ಬಂತು. ಒಂದೇ ಸಲಕ್ಕೆ ಸುರಿದ ಸದ್ದಿಗೆ ಮಗು ಬೆಚ್ಚಿಬಿದ್ದು ಎದ್ದ. ಅವನನ್ನು ಮಲಗಿಸುವಷ್ಟರಲ್ಲಿ ಕಂಬಿ ಕಟ್ ಮಾಡುವ ಮೆಷಿನ್ ಶುರುವಾಯಿತು. ಅದು ನಿಂತಾಗ ಒಂದು ಗಂಟೆ ದಾಟಿತ್ತು. ಅವರ ಸಾರುವೆ ನಮ್ಮ ಬೆಡ್‌ರೂಮ್ ಕಿಟಕಿಗೆ ಕೈಗೆಟುಕುವಷ್ಟು ಹತ್ತಿರ ಇದೆ, ನೀವೇ ನೋಡಿದ್ದೀರಲ್ಲ. ಕಿಟಕಿ ಮುಚ್ಚಿದರೂ ಸ್ಟ್ಯಾಂಡಿನಲ್ಲಿರುವ ತಟ್ಟೆ ಲೋಟ ಗಲಗಲ ಅನ್ನುತ್ತವೆ. ಅತ್ತೆಗೆ ಬಿಪಿ ಇದೆ, ನಿದ್ದೆ ಕೆಟ್ಟರೆ ಮಾರನೇ ದಿನವೆಲ್ಲಾ ತಲೆಸುತ್ತು. ಯಜಮಾನರು ಫಸ್ಟ್ ಶಿಫ್ಟಿಗೆ ಬೆಳಗ್ಗೆ ಐದಕ್ಕೇ ಹೊರಡಬೇಕು.

ಮನೆ ಕಟ್ಟಬೇಡಿ ಅಂತ ಯಾರೂ ಹೇಳುತ್ತಿಲ್ಲ. ಮೋಲ್ಡ್ ಹಾಕುವ ದಿನ ಕೆಲಸ ಅರ್ಧಕ್ಕೆ ನಿಲ್ಲಿಸೋಕೆ ಆಗಲ್ಲ, ಅದು ನಮಗೂ ಗೊತ್ತು. ಅಂಥ ದಿನ ಮೊದಲೇ ಹೇಳಿದರೆ ಸಹಿಸಿಕೊಳ್ಳುತ್ತೇವೆ. ಆದರೆ ಕಂಬಿ, ಟೈಲ್ಸ್ ಕಟ್ ಮಾಡೋದು ಹಗಲಲ್ಲೇ ಆಗುವ ಕೆಲಸ ಅಲ್ವಾ? ಮೇಸ್ತ್ರಿಯನ್ನು ಕೇಳಿದರೆ, "ಸೈಟ್ ಓನರ್ ಹೇಳ್ದಂಗೆ ಮಾಡ್ತೀವಿ ಅಕ್ಕಾ, ಅವರನ್ನೇ ಕೇಳಿ" ಅನ್ನುತ್ತಾರೆ. ಪಾಪ, ಅವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ.

ಕಾನೂನೂ ನಮ್ಮ ಕಡೆಗೇ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಜನವಸತಿ ಜಾಗದಲ್ಲಿ ಸದ್ದು ಮಾಡುವ ಕಟ್ಟಡದ ಮೆಷಿನ್ ಓಡಿಸುವಂತಿಲ್ಲ. ಆ ಹೊತ್ತಿನಲ್ಲಿ ಶಬ್ದದ ಮಿತಿ 45 ಡೆಸಿಬಲ್. ಟೈಮ್ ಕಾಣುವ ಹಾಗೆ ತೆಗೆದ ವಿಡಿಯೋಗಳನ್ನು ನಿಮಗೆ ವಾಟ್ಸಾಪ್ ಮಾಡಿದ್ದೇನೆ.

ಆ ಸೈಟಿನವರು ನಿಮಗೆ ಹಳೇ ಪರಿಚಯ. ಬಾಡಿಗೆಯವರು ಹೇಳಿದರೆ ಕಿವಿಗೆ ಹಾಕಿಕೊಳ್ಳಲ್ಲ, ನೀವು ಹೇಳಿದರೆ ತೂಕ ಬೇರೆ. ದಯವಿಟ್ಟು ಈ ಭಾನುವಾರದೊಳಗೆ ಅವರನ್ನು ಭೇಟಿಯಾಗಿ ಮಾತಾಡಿ. ರಾತ್ರಿ ಹತ್ತರ ಮೇಲೆ ಮೆಷಿನ್ ಬೇಡ, ಜಲ್ಲಿ, ಮರಳು ಅಷ್ಟರೊಳಗೆ ಇಳಿಸಿಕೊಳ್ಳಲಿ. ಕಟ್ ಮಾಡುವ ಜಾಗವನ್ನು ರಸ್ತೆ ಕಡೆಗೆ ಹಾಕಿಕೊಂಡರೂ ನಮಗೆ ಎಷ್ಟೋ ಹಗುರ. ಅವರು ಒಪ್ಪದಿದ್ದರೆ ಪೊಲೀಸ್ ಸ್ಟೇಷನ್ನಿಗೂ ಪಾಲಿಕೆಗೂ ದೂರು ಕೊಡೋಣ. ಅರ್ಜಿ ನಾನೇ ಬರೆದಿಡುತ್ತೇನೆ, ಕಟ್ಟಡದ ಮಾಲೀಕರಾಗಿ ನೀವೂ ಸಹಿ ಹಾಕಬೇಕು. ಕೆಳಗಿನ ಮನೆಯವರೂ ಹಾಕುತ್ತಾರೆ. ಅಲ್ಲಿಯವರೆಗೆ ರಾತ್ರಿ ಗಲಾಟೆ ಆದರೆ 112ಕ್ಕೆ ಫೋನ್ ಮಾಡುತ್ತೇವೆ, ನಿಮಗೆ ಗೊತ್ತಿರಲಿ.

ಇನ್ನೊಂದು ಮಾತು. ಈ ಮನೆ ಬಿಡೋಕೆ ನಮಗೆ ಇಷ್ಟ ಇಲ್ಲ. ನೀರು, ಬೆಳಕು, ಮಗನ ಸ್ಕೂಲು, ಎಲ್ಲಾ ಚೆನ್ನಾಗಿದೆ. ಆದರೂ ತಿಂಗಳೊಳಗೆ ಏನೂ ಸರಿಹೋಗದಿದ್ದರೆ, ಅಗ್ರಿಮೆಂಟ್ ಮುಗಿಯುವ ಮೊದಲೇ ಖಾಲಿ ಮಾಡಲು ಬಿಡಬೇಕು, ಅಡ್ವಾನ್ಸಿನಲ್ಲಿ ಅದಕ್ಕಾಗಿ ಏನೂ ಹಿಡಿಯಬಾರದು ಅಂತ ಕೇಳಿಕೊಳ್ಳುತ್ತೇನೆ. ಸೈಟಿನವರ ಜೊತೆ ಮಾತಾಡಿದ ಮೇಲೆ ಏನಾಯಿತು ಅಂತ ಒಂದು ಮೆಸೇಜ್ ಹಾಕಿ ಸರ್. ನಾನೂ ಜೊತೆಗೆ ಬರಬೇಕಿದ್ದರೆ ಸಂಜೆ ಆರರ ಮೇಲೆ ಯಾವತ್ತಾದರೂ ಬರುತ್ತೇನೆ.

ಇಂತಿ,
ಸುಧಾ
ಎರಡನೇ ಮಹಡಿ