ದುಡ್ಡು ಕೊಟ್ಟದ್ದು ನಾನೇ, ಆದರೆ ಸೇವೆ ಸಿಗಲಿಲ್ಲ: 4417 ಕಾರ್ಡಿನ ಮಾರ್ಚ್ 3ರ ಪಾವತಿಯ ಬಗ್ಗೆ ಚಾರ್ಜ್‌ಬ್ಯಾಕ್ ಕೋರಿಕೆ

ದಿನಾಂಕ: 12 ಮೇ 2025

ಕಾರ್ಡ್ ವಿವಾದ ವಿಭಾಗದವರಿಗೆ,

ನಮಸ್ಕಾರ. ನನ್ನ ವೀಸಾ ಕ್ರೆಡಿಟ್ ಕಾರ್ಡಿನ ಕೊನೆಯ ನಾಲ್ಕು ಅಂಕಿ 4417. ಮಾರ್ಚ್ 3, 2025ರಂದು ಈ ಕಾರ್ಡಿನಿಂದ 1,440.00 ಪಾವತಿಯಾಗಿದೆ. ಆನ್‌ಲೈನ್ ಸ್ಪೀಚ್ ಥೆರಪಿಯ 24 ಸೆಷನ್‌ಗಳಿಗೆ, ಒಂದಕ್ಕೆ 60ರಂತೆ, ಒಂದೇ ಸಲ ಕೊಟ್ಟ ಹಣ ಇದು. ಆ 24ರಲ್ಲಿ ಒಂದೇ ಒಂದು ಸೆಷನ್ ಕೂಡ ನಡೆದಿಲ್ಲ. ಪೂರ್ತಿ ಹಣ ವಾಪಸ್ ಕೊಡಿಸಬೇಕೆಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಮೇ 9ರಂದು ನಿಮ್ಮ ಕಾಲ್ ಸೆಂಟರ್‌ಗೆ ಫೋನ್ ಮಾಡಿದ್ದೆ. "ಈ ಪಾವತಿ ನೀವೇ ಮಾಡಿದ್ದಾ?" ಎಂದು ಕೇಳಿದರು. ಹೌದು ಎಂದೆ. "ಒಟಿಪಿ ನೀವೇ ಹಾಕಿದ್ದಾ?" ಅದಕ್ಕೂ ಹೌದು ಎಂದೆ. "ಹಾಗಾದ್ರೆ ಡಿಸ್ಪ್ಯೂಟ್ ಹಾಕೋಕೆ ಬರಲ್ಲ ಸರ್" ಅಂದರು, ಕರೆ ಮುಗಿಯಿತು. ಅವರು ವಂಚನೆ ದೂರಿನ ಪ್ರಶ್ನೆಗಳನ್ನು ಕೇಳುತ್ತಿದ್ದರು. ನನ್ನ ದೂರು ಅದಲ್ಲ. ಕಾರ್ಡ್ ಕಳೆದಿಲ್ಲ, ಯಾರೂ ಕದ್ದಿಲ್ಲ, ಪಾವತಿಗೆ ಒಪ್ಪಿದ್ದು ನಾನೇ. ದುಡ್ಡು ಕೊಟ್ಟ ಮೇಲೆ ಸಿಗಬೇಕಾದ ಸೇವೆ ಸಿಗಲಿಲ್ಲ ಎನ್ನುವುದಷ್ಟೇ ನನ್ನ ದೂರು. ವೀಸಾ ನಿಯಮಗಳಲ್ಲಿ ಇದಕ್ಕೆ ಬೇರೆಯದೇ ಕಾರಣ ಇದೆ: 13.1, ಅಂದರೆ ಸರಕು ಅಥವಾ ಸೇವೆ ತಲುಪಿಲ್ಲ. ದಯವಿಟ್ಟು ಆ ಕಾರಣದಡಿಯಲ್ಲೇ ದಾಖಲಿಸಿ. ವಂಚನೆ ಎಂದು ದಾಖಲಾದರೆ ವ್ಯಾಪಾರಿ ನನ್ನ ಒಟಿಪಿ ದಾಖಲೆ ತೋರಿಸಿ ಅಲ್ಲಿಗೇ ಮುಗಿಸಿಬಿಡುತ್ತಾರೆ. ಪಾವತಿ ಮಾಡಿದ್ದು ನಾನು ಅಂತ ಒಟಿಪಿ ಹೇಳುತ್ತದೆ. ಸೆಷನ್ ನಡೆಯಿತೋ ಇಲ್ಲವೋ ಎಂದು ಅದು ಹೇಳುವುದಿಲ್ಲ, ಅಲ್ವಾ? ಕಾರ್ಡನ್ನು ಬ್ಲಾಕ್ ಮಾಡುವ ಅಗತ್ಯವೂ ಇಲ್ಲ.

ಇನ್ನು ನಡೆದದ್ದು. ಜನವರಿಯಲ್ಲಿ ನನ್ನ ತಾಯಿಗೆ ಸ್ಟ್ರೋಕ್ ಆಯಿತು. ಕೈಕಾಲು ಬೇಗ ಸುಧಾರಿಸಿತು, ಮಾತು ಮಾತ್ರ ತೊಡರುತ್ತಿತ್ತು. ಹೇಳಬೇಕಾದದ್ದು ಅವರಿಗೆ ಗೊತ್ತಿರುತ್ತದೆ, ಪದ ಬಾಯಿಗೆ ಬರುವುದಿಲ್ಲ. ಸ್ಪೀಚ್ ಥೆರಪಿ ತಡಮಾಡಬೇಡಿ, ಮೊದಲ ಕೆಲವು ತಿಂಗಳು ತುಂಬಾ ಮುಖ್ಯ ಎಂದು ಡಾಕ್ಟರ್ ಹೇಳಿದ್ದರು. ಹಾಗಾಗಿ ಈ ವ್ಯಾಪಾರಿಯ ವೆಬ್‌ಸೈಟಿನಲ್ಲಿ ಎಂಟು ವಾರದ ಪ್ಯಾಕೇಜ್ ತೆಗೆದುಕೊಂಡೆ. ಮಾರ್ಚ್ 10ರಿಂದ ಮೇ 2ರವರೆಗೆ, ಪ್ರತಿ ಸೋಮವಾರ, ಬುಧವಾರ, ಶುಕ್ರವಾರ ಸಂಜೆ 5ಕ್ಕೆ, ವೀಡಿಯೊ ಕರೆಯಲ್ಲಿ 45 ನಿಮಿಷ, ಥೆರಪಿಸ್ಟ್ ನೇರವಾಗಿ ಮಾತಾಡಿಸುತ್ತಾರೆ ಎಂದು ಇನ್‌ವಾಯ್ಸಿನಲ್ಲೇ ಬರೆದಿದೆ. ಆ ಇನ್‌ವಾಯ್ಸ್ ಲಗತ್ತು 1. 'ನೇರವಾಗಿ' ಎನ್ನುವ ಮಾತಿಗೆ ಗೆರೆ ಎಳೆದಿದ್ದೇನೆ, ಮುಂದೆ ಅದು ಬೇಕಾಗುತ್ತದೆ.

ಒಂದು ಸಣ್ಣ ವಿಷಯ: ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಕಾಣುವ ಹೆಸರೂ ಇನ್‌ವಾಯ್ಸಿನ ಮೇಲಿನ ಹೆಸರೂ ಒಂದೇ ಅಲ್ಲ. ಸ್ಟೇಟ್‌ಮೆಂಟಿನಲ್ಲಿ ಇರುವುದು ಹಣ ವಸೂಲಿ ಮಾಡಿಕೊಡುವ ಪೇಮೆಂಟ್ ಗೇಟ್‌ವೇ ಹೆಸರು. ದಿನಾಂಕ, ಮೊತ್ತ, ಆರ್ಡರ್ ನಂಬರ್ ಮೂರೂ ಹೊಂದುತ್ತವೆ. ಪಾವತಿಯಾದ ತಕ್ಷಣ ಬಂದ ಮೇಲ್‌ನಲ್ಲಿ ಎರಡು ಹೆಸರೂ ಒಟ್ಟಿಗೇ ಇವೆ, ಅದು ಲಗತ್ತು 2.

ಮಾರ್ಚ್ 10ರ ಸಂಜೆ ಅಮ್ಮ ಮುಂಚೆಯೇ ತಯಾರಾಗಿ ಕೂತಿದ್ದರು. ತಲೆ ಬಾಚಿಕೊಂಡು, ಕನ್ನಡಕ ಒರೆಸಿಕೊಂಡು, ಹತ್ತು ನಿಮಿಷ ಮೊದಲೇ ಲ್ಯಾಪ್‌ಟಾಪ್ ಮುಂದೆ ಕೂತರು. ಲಿಂಕ್ ಒತ್ತಿದೆ. 'Waiting for the host' ಎಂದು ಬಂತು. 5 ದಾಟಿತು, 5:20 ಆಯಿತು. ಅಮ್ಮ ಪರದೆ ಕಡೆ ಬೆರಳು ತೋರಿಸಿ ನನ್ನ ಮುಖ ನೋಡಿದರು. 5:22ಕ್ಕೆ ಸ್ಕ್ರೀನ್‌ಶಾಟ್ ತೆಗೆದೆ, 5:45ಕ್ಕೆ ಲ್ಯಾಪ್‌ಟಾಪ್ ಮುಚ್ಚಿದೆ. ಮಾರ್ಚ್ 12ರಂದೂ ಇದೇ ಕಥೆ. ಆ ರಾತ್ರಿ ಮೇಲ್ ಹಾಕಿದೆ. 13ರಂದು ಉತ್ತರ ಬಂತು: ಥೆರಪಿಸ್ಟ್‌ಗೆ ಹುಷಾರಿಲ್ಲ, ಈ ವಾರ ಸೆಷನ್ ಇರುವುದಿಲ್ಲ, 17ರಿಂದ ಶುರು ಮಾಡುತ್ತೇವೆ. ಕಾಯಿಲೆ ಯಾರಿಗೂ ಬರಬಹುದು, ಸರಿ ಎಂದೆ. 17, 19, 21, ಮೂರು ಸಂಜೆಯೂ ಮತ್ತೆ ಅದೇ ಕಾಯುವ ಪರದೆ. 24ರಿಂದ ಲಿಂಕೇ ತೆರೆಯಲಿಲ್ಲ. ಕಾದ ಐದೂ ಸಂಜೆಯ ಸ್ಕ್ರೀನ್‌ಶಾಟ್‌ಗಳು ಲಗತ್ತು 3ರಲ್ಲಿವೆ. ಪ್ರತಿಯೊಂದರ ಮೂಲೆಯಲ್ಲೂ ದಿನಾಂಕ, ಸಮಯ ಕಾಣುತ್ತದೆ.

ನಿಮ್ಮ ಬಳಿ ಬರುವ ಮೊದಲು ವ್ಯಾಪಾರಿಯ ಜೊತೆಗೇ ಬಗೆಹರಿಸಿಕೊಳ್ಳಲು ನೋಡಿದ್ದೇನೆ. ಮಾರ್ಚ್ 12, 21, 24, 28, ಏಪ್ರಿಲ್ 3 ಮತ್ತು 11, ಹೀಗೆ ಆರು ಮೇಲ್ ಕಳಿಸಿದ್ದೇನೆ. ಫೋನ್ ನಂಬರ್ ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ಅವರಿಂದ ಬಂದದ್ದು ಒಟ್ಟು ಮೂರೇ ಉತ್ತರ. ಮೊದಲನೆಯದು 13ರಂದು ಬಂದದ್ದು. ಎರಡನೆಯದು ಮಾರ್ಚ್ 28ರಂದು ಬಂತು. ನೇರ ಸೆಷನ್ ಬದಲು ಮೊದಲೇ ರೆಕಾರ್ಡ್ ಮಾಡಿದ ವೀಡಿಯೊ ನೋಡಿ, ಇಲ್ಲದಿದ್ದರೆ ಹಣವನ್ನು ಮುಂದೆ ಯಾವಾಗಲಾದರೂ ಬಳಸುವ ಕ್ರೆಡಿಟ್ ಆಗಿ ಇಟ್ಟುಕೊಳ್ಳಿ ಎಂದರು. ಎರಡೂ ಬೇಡ, ಪೂರ್ತಿ ಹಣ ವಾಪಸ್ ಕೊಡಿ ಎಂದು ಅದೇ ದಿನ ಬರೆದೆ. ಮೂರನೆಯದು ಏಪ್ರಿಲ್ 2ರದ್ದು, ಒಂದೇ ಸಾಲು: ನಮ್ಮ ಷರತ್ತುಗಳ ಪ್ರಕಾರ ಶುಲ್ಕ ಹಿಂದಿರುಗಿಸುವುದಿಲ್ಲ. ಅದಾದ ಮೇಲೆ ಸುದ್ದಿಯೇ ಇಲ್ಲ. ಇಷ್ಟೂ ಮೇಲ್‌ಗಳು ಲಗತ್ತು 4ರಲ್ಲಿವೆ.

ಈ ದೂರು ಅವರಿಗೆ ತಲುಪಿದಾಗ ಏನು ಉತ್ತರ ಬರಬಹುದು ಎಂಬ ಅಂದಾಜು ನನಗಿದೆ. ಅದಕ್ಕೆ ಈಗಲೇ ಉತ್ತರ ಕೊಟ್ಟುಬಿಡುತ್ತೇನೆ. ಏಪ್ರಿಲ್ 20ರಂದು ಅವರ ವೆಬ್‌ಸೈಟಿನ ನನ್ನ ಖಾತೆಗೆ ಹೋಗಿ ನೋಡಿದೆ. ಮೊದಲ ಒಂಬತ್ತು ಸೆಷನ್‌ಗಳ ಎದುರು 'Completed' ಎಂದು ಹಸಿರು ಅಕ್ಷರದಲ್ಲಿ ಇತ್ತು. ನೋಡಿ ನಿಜಕ್ಕೂ ಮೈ ಉರಿಯಿತು. ಈ ಪುಟವನ್ನೇ ಅವರು ಸೇವೆ ಕೊಟ್ಟ ಪುರಾವೆ ಎಂದು ಕಳಿಸಬಹುದು. ಅದರಲ್ಲಿ ಮೂರನೇ ಸಾಲು ನೋಡಿ: ಮಾರ್ಚ್ 14, ಶುಕ್ರವಾರ, 'Completed'. ಆ ವಾರ ಸೆಷನ್ ಇಲ್ಲ, ಥೆರಪಿಸ್ಟ್‌ಗೆ ಹುಷಾರಿಲ್ಲ ಎಂದು ಹಿಂದಿನ ದಿನ ಅವರೇ ಮೇಲ್ ಬರೆದಿದ್ದಾರೆ. ಇಲ್ಲದ ಸೆಷನ್ ಮುಗಿದದ್ದು ಹೇಗೆ? ಇನ್ನು 24, 26, 28ರದ್ದು. ಲಿಂಕ್ ಕೆಲಸ ಮಾಡುತ್ತಿಲ್ಲ ಎಂದು 24ರ ಸಂಜೆ 5:06ಕ್ಕೇ ನಾನು ಕಳಿಸಿದ ಮೇಲ್ ಇದೆ. ಆ ಮೂರು ದಿನವೂ 'Completed' ಎಂದೇ ಇದೆ. ದಿನಾಂಕ ದಾಟಿದರೆ ತಾನಾಗಿಯೇ ಹಾಗೆ ಬೀಳುತ್ತದೋ, ಯಾರಾದರೂ ಹಾಕಿದರೋ, ಏನೇ ಇರಲಿ, ಆ ಹಸಿರು ಅಕ್ಷರಕ್ಕೂ ನಡೆದದ್ದಕ್ಕೂ ಸಂಬಂಧವಿಲ್ಲ. ಪುಟದ ಪ್ರತಿ ಲಗತ್ತು 5. ಅದನ್ನು ಮಾರ್ಚ್ 13ರ ಮೇಲ್ ಪಕ್ಕದಲ್ಲಿಟ್ಟು ಓದಿ ಎಂದು ಕೇಳಿಕೊಳ್ಳುತ್ತೇನೆ.

ಸೆಷನ್ ನಿಜವಾಗಿ ನಡೆದಿದ್ದರೆ ವೀಡಿಯೊ ಕರೆಯ ಲಾಗ್ ಇರಲೇಬೇಕು: ಥೆರಪಿಸ್ಟ್ ಎಷ್ಟು ಹೊತ್ತಿಗೆ ಸೇರಿದರು, ನಾವು ಎಷ್ಟು ಹೊತ್ತಿಗೆ ಸೇರಿದೆವು, ಕರೆ ಎಷ್ಟು ನಿಮಿಷ ನಡೆಯಿತು. ಅದನ್ನು ವ್ಯಾಪಾರಿಯಿಂದ ಕೇಳಿ. ನಾನು ಲಾಗಿನ್ ಆದ ದಾಖಲೆಗಳು ಅವರ ಬಳಿ ಖಂಡಿತ ಇರುತ್ತವೆ. ಕಾಯಲು ಲಾಗಿನ್ ಆಗಲೇಬೇಕಿತ್ತು. ಹಾಗಾಗಿ ನನ್ನ ಲಾಗಿನ್ ತೋರಿಸಿ ಸೇವೆ ಬಳಸಿದ್ದಾರೆ ಎಂದರೆ ದಯವಿಟ್ಟು ಒಪ್ಪಬೇಡಿ. ಆ ಕಡೆಯಿಂದ ಯಾರಾದರೂ ಬಂದಿದ್ದರಾ ಎಂಬುದೇ ಪ್ರಶ್ನೆ.

ಗ್ರಾಹಕರೇ ಅರ್ಧಕ್ಕೆ ಬಿಟ್ಟರು ಎಂದೂ ಅವರು ಹೇಳಬಹುದು. ನಾನು ಹಣ ವಾಪಸ್ ಕೇಳಿದ್ದು ಮಾರ್ಚ್ 28ಕ್ಕೆ. ಅಷ್ಟರೊಳಗೆ ಮೂರು ವಾರದ ಎಲ್ಲ ದಿನಗಳೂ ಖಾಲಿ ಹೋಗಿದ್ದವು. ಶುಲ್ಕ ಹಿಂದಿರುಗಿಸುವುದಿಲ್ಲ ಎಂಬ ಷರತ್ತನ್ನು ಇಡೀ ಓದಿದ್ದೇನೆ. ಗ್ರಾಹಕರು ತಾವಾಗಿ ಬೇಡ ಎಂದಾಗ ಏನು ಮಾಡುವುದು ಎಂದಷ್ಟೇ ಅದರಲ್ಲಿದೆ. ವ್ಯಾಪಾರಿಯೇ ಸೇವೆ ಕೊಡದಿದ್ದರೆ ಏನು ಎಂಬ ಮಾತೇ ಇಲ್ಲ. ರೆಕಾರ್ಡ್ ಮಾಡಿದ ವೀಡಿಯೊ ಕೂಡ ನಾನು ಕೊಂಡ ಸೇವೆಯಲ್ಲ. ಇನ್‌ವಾಯ್ಸಿನಲ್ಲಿ ಗೆರೆ ಎಳೆದ ಮಾತು ನೋಡಿ. ಅಮ್ಮ ತಡವರಿಸಿದಾಗ ನಿಲ್ಲಿಸಿ, ಪದದ ಮೊದಲ ಅಕ್ಷರ ಹೇಳಿಕೊಟ್ಟು, ಅವರು ಹೇಳುವ ತನಕ ಕಾಯುವ ಮನುಷ್ಯರು ಬೇಕಿತ್ತು. ಆ ವೀಡಿಯೊಗಳಲ್ಲಿ ಒಂದನ್ನೂ ನಾನು ತೆರೆದಿಲ್ಲ.

ಏಪ್ರಿಲ್ 14ರಿಂದ ಬೇರೆ ಥೆರಪಿಸ್ಟ್ ಹತ್ತಿರ ಹೋಗುತ್ತಿದ್ದೇವೆ. ಆ ಖರ್ಚನ್ನು ನಿಮ್ಮಲ್ಲಿ ಕೇಳುತ್ತಿಲ್ಲ, ಕಳೆದುಹೋದ ಐದು ವಾರಕ್ಕೆ ಪರಿಹಾರವನ್ನೂ ಕೇಳುತ್ತಿಲ್ಲ. ಆ ವಾರಗಳ ಬಗ್ಗೆ ನನಗೆ ತುಂಬಾ ಸಂಕಟವಿದೆ, ಆದರೆ ಚಾರ್ಜ್‌ಬ್ಯಾಕ್ ಅದಕ್ಕಲ್ಲ ಎಂದು ಗೊತ್ತು. ನಾನು ಕೇಳುತ್ತಿರುವುದು ಕೊಟ್ಟ 1,440.00 ಮಾತ್ರ.

ಗಡುವಿನ ವಿಷಯದಲ್ಲೂ ತೊಂದರೆ ಇರಬಾರದು. ಈ ಬಗೆಯ ದೂರಿಗೆ ಇರುವ 120 ದಿನವನ್ನು ಸೇವೆ ಸಿಗಬೇಕಾಗಿದ್ದ ಕೊನೆಯ ದಿನದಿಂದ, ಇಲ್ಲವೇ ಅದು ಸಿಗುವುದಿಲ್ಲ ಎಂದು ತಿಳಿದ ದಿನದಿಂದ ಲೆಕ್ಕ ಹಾಕುತ್ತಾರೆ. ನನ್ನ ವಿಷಯದಲ್ಲಿ ಪಾವತಿಯ ದಿನದಿಂದ ಎಣಿಸಿದರೂ ಇವತ್ತಿಗೆ 70 ದಿನ ಅಷ್ಟೇ.

ತನಿಖೆ ನಡೆಯುವಾಗ ಈ ಮೊತ್ತವನ್ನು ತಾತ್ಕಾಲಿಕವಾಗಿ ನನ್ನ ಖಾತೆಗೆ ಜಮಾ ಮಾಡಲು ನಿಮ್ಮಲ್ಲಿ ಅವಕಾಶವಿದ್ದರೆ ಮಾಡಿ. ತೀರ್ಪು ನನ್ನ ವಿರುದ್ಧ ಬಂದರೆ ಅದು ವಾಪಸ್ ಹೋಗುತ್ತದೆ ಎಂಬುದು ತಿಳಿದೇ ಕೇಳುತ್ತಿದ್ದೇನೆ. ವ್ಯಾಪಾರಿಯಿಂದ ಬರುವ ಉತ್ತರ ಮತ್ತು ದಾಖಲೆಗಳ ಪ್ರತಿಯನ್ನು ದೂರು ಮುಚ್ಚುವ ಮೊದಲು ನನಗೆ ಕಳಿಸಿ. ಎರಡು ದಿನದೊಳಗೆ ಉತ್ತರಿಸುತ್ತೇನೆ. ದೂರಿನ ಸಂಖ್ಯೆಯನ್ನು ಕಾರ್ಡಿಗೆ ನೋಂದಾಯಿಸಿದ ಮೇಲ್‌ಗೆ ಕಳಿಸಿದರೆ ಸಾಕು. ಫೋನ್ ಮಾಡುವುದಾದರೆ ಸಂಜೆ 5ರಿಂದ 6 ಬಿಟ್ಟು ಯಾವಾಗ ಬೇಕಾದರೂ ಮಾಡಿ. ಆ ಹೊತ್ತು ಅಮ್ಮನ ಥೆರಪಿ ನಡೆಯುತ್ತಿರುತ್ತದೆ.

ಇಂತಿ,
4417 ಕಾರ್ಡಿನ ಕಾರ್ಡ್‌ದಾರ

ಜೊತೆಗೆ: ಲಗತ್ತು 1ರಿಂದ 5, ಒಟ್ಟು 17 ಪುಟ